41 ಸಾವಿರ ಕಿಲೋಮೀಟರ್ ಓಡಿದ ಸ್ವಿಫ್ಟಿಗೆ ಎಷ್ಟು ಕೊಡ್ಬಹುದು?

ಸೆಕೆಂಡ್ ಹ್ಯಾಂಡ್ ಕಾರು ನೋಡ್ಲಿಕ್ಕೆ ಹೊರಟವರು ಮೊದಲು ಕೇಳೋದೇ ಈ ಪ್ರಶ್ನೆ, ಗಾಡಿ ಇಂಥದ್ದು, ಇಷ್ಟು ವರ್ಷ ಆಗಿದೆ, ಇಷ್ಟು ಓಡಿದೆ, ಎಷ್ಟು ಕೊಡ್ಬಹುದು ಅಂತ. ಕೇಳಿದವರೆಲ್ಲ ಒಂದೊಂದು ರೇಟು ಹೇಳ್ತಾರೆ, ಮೆಕ್ಯಾನಿಕ್ ಒಂದು ಹೇಳ್ತಾರೆ, ಬ್ರೋಕರ್ ಇನ್ನೊಂದು, ಮಾವನ ಮಗ ಮತ್ತೊಂದು. ಆದ್ರೆ ಆ ರೇಟು ಹೇಗೆ ಬಂತು ಅಂತ ಯಾರೂ ಬಿಡಿಸಿ ಹೇಳೋದಿಲ್ಲ. ಗಾಡಿಯ ವಯಸ್ಸು, ಎಷ್ಟನೇ ಓನರ್, ಸರ್ವಿಸ್ ಹಿಸ್ಟರಿ, ಮಾರ್ಕೆಟಿನಲ್ಲಿ ಹಾಕಿರುವ ರೇಟು, ಈ ನಾಲ್ಕನ್ನು ಇಟ್ಕೊಂಡು ನಾವೇ ಕೂತು ಲೆಕ್ಕ ಹಾಕ್ಬಹುದು, ಒಂದು ಸಂಜೆಯ ಕೆಲಸ ಅಷ್ಟೆ. 2025ರ ನವೆಂಬರಲ್ಲಿ ನಮ್ಮ ಬದಿಯಡ್ಕದ ಮೇಷ್ಟ್ರೊಬ್ಬರಿಗೆ ಕಾರು ಹುಡುಕುವಾಗ ಮಾಡಿದ ಲೆಕ್ಕವನ್ನೇ ಇಲ್ಲಿ ಇಡ್ತೇನೆ, ಯಾಕಂದ್ರೆ ಅದ್ರಲ್ಲಿ ನಾಲ್ಕೂ ವಿಷಯ ಬಂದುಹೋಯ್ತು, ಮತ್ತೆ ಮೊದಲು ಕಂಡ ರೇಟು ಕೊನೆಗೆ ಲಕ್ಷಕ್ಕಿಂತ ಜಾಸ್ತಿ ಇಳಿದುಬಿಟ್ಟಿತು.

ಗಾಡಿ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್, ಮ್ಯಾನುವಲ್ ಗೇರ್, 2018ರದ್ದು, ಕೆಎಲ್ 14 ರಿಜಿಸ್ಟ್ರೇಶನ್, ಮೀಟರಲ್ಲಿ 41 ಸಾವಿರ ಕಿಮೀ. ಕೇಳಿದ್ದು 5.40 ಲಕ್ಷ. ಜಾಹೀರಾತಲ್ಲಿ ಬರೆದದ್ದು "ಗಲ್ಫಿನವರ ಗಾಡಿ, ಹೆಚ್ಚು ಓಡಿಲ್ಲ, ಮನೆಯಲ್ಲೇ ನಿಂತದ್ದು" ಅಂತ.

ಮೊದಲು ಮಾರ್ಕೆಟ್ ರೇಟು. ಆನ್‌ಲೈನಲ್ಲಿ ಕಾಣುವ ರೇಟು ಮಾರುವವರು ಕೇಳುವ ರೇಟು, ಗಾಡಿ ಹೋದ ರೇಟು ಅಲ್ಲ, ಇದು ಎಲ್ಲರಿಗೂ ಗೊತ್ತು, ಆದ್ರೂ ಹೆಚ್ಚಿನವರು ಎರಡು ಮೂರು ಜಾಹೀರಾತು ನೋಡಿ "ಐದೂವರೆ ನಡೀತಾ ಉಂಟು" ಅಂತ ತಲೆಯಲ್ಲಿ ಕೂರಿಸ್ಕೊಳ್ತಾರೆ. ಸರಿಯಾಗಿ ಮಾಡ್ಬೇಕಾದ್ರೆ ಕಮ್ಮಿ ಅಂದ್ರೂ ಹತ್ತು ಹನ್ನೊಂದು ಗಾಡಿ ಬೇಕು, ಮತ್ತೆ ಅವು ಒಂದೇ ತರದ್ದು ಆಗಿರ್ಬೇಕು, ಅದೇ ಮಾಡೆಲ್, ಅದೇ ವೇರಿಯಂಟ್, ಅದೇ ಇಂಧನ, ವರ್ಷದಲ್ಲಿ ಒಂದು ಹೆಚ್ಚು ಒಂದು ಕಮ್ಮಿ ಆದ್ರೆ ತೊಂದ್ರೆ ಇಲ್ಲ. ವಿಎಕ್ಸ್‌ಐ ಜತೆ ಝಡ್‌ಎಕ್ಸ್‌ಐ ಸೇರಿಸಿದ್ರೆ ಲೆಕ್ಕ ಹಾಳಾಗ್ತದೆ, ಆಟೋಮ್ಯಾಟಿಕ್ ಸೇರಿಸಿದ್ರೂ ಹಾಗೇ. ಕಾಸರಗೋಡಿನಲ್ಲಿ ಕೂತು ಹುಡುಕಿದ್ರೆ ಒಂದು ಕಡೆ ಮಂಗಳೂರಿನ ಗಾಡಿಗಳು ಬರ್ತವೆ, ಇನ್ನೊಂದು ಕಡೆ ಕಣ್ಣೂರು, ಪಯ್ಯನ್ನೂರಿನದ್ದು ಬರ್ತವೆ, ಅದ್ರಲ್ಲಿ ಕೆಎ ನಂಬರಿನದ್ದನ್ನು ಬೇರೆ ಚೀಟಿಯಲ್ಲಿ ಬರ್ದಿಡಿ, ಯಾಕೆ ಅಂತ ಮುಂದೆ ಹೇಳ್ತೇನೆ.

ಇನ್ನೊಂದು, ಜಾಹೀರಾತು ಹಾಕಿದ ತಾರೀಕು ನೋಡ್ಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು, ಅದಕ್ಕಿಂತ ಮೊದಲು 28 ಪರ್ಸೆಂಟ್ ಮತ್ತು ಅದರ ಮೇಲೆ ಸೆಸ್ ಇತ್ತು. ಹೊಸ ಗಾಡಿಯ ರೇಟು ಕೆಳಗೆ ಬಂದ್ರೆ ಹಳೆ ಗಾಡಿಯದ್ದೂ ಬರ್ಲೇಬೇಕು, ಯಾಕಂದ್ರೆ ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸ ತೀರ ಕಮ್ಮಿ ಆದ್ರೆ ಜನ ಲೋನ್ ಮಾಡಿ ಹೊಸದನ್ನೇ ತೆಗೀತಾರೆ. ಆದ್ರೆ ಮಾರುವವರು ಹಳೆ ರೇಟನ್ನೇ ಮನಸ್ಸಲ್ಲಿಟ್ಕೊಂಡಿರ್ತಾರೆ, ಜಾಹೀರಾತೂ ಬದ್ಲಾಯಿಸಿರೋದಿಲ್ಲ. ಹಾಗಾಗಿ ಆ ತಾರೀಕಿಗಿಂತ ಹಿಂದಿನ ರೇಟುಗಳನ್ನೆಲ್ಲ ನಾವು ತೆಗೆದುಹಾಕಿದೆವು. ತಿಂಗಳುಗಟ್ಟಲೆ ಹಾಗೇ ನಿಂತಿರುವ ಜಾಹೀರಾತು ಏನು ಹೇಳ್ತದೆ ಅಂದ್ರೆ ಆ ರೇಟಿಗೆ ಯಾರೂ ತಗೊಳ್ಳಲಿಲ್ಲ ಅಂತ, ಅದೂ ಒಂದು ಮಾಹಿತಿಯೇ. ಒಂದು ವಾರದಲ್ಲಿ ಮಾಯ ಆದ ಜಾಹೀರಾತಿನ ರೇಟು ಮಾರಾಟದ ರೇಟಿಗೆ ಹೆಚ್ಚು ಹತ್ತಿರ. ಹಾಗಾಗಿ ಎರಡು ವಾರ ನೋಡ್ತಾ ಇದ್ದು ಯಾವುದು ಹೋಯ್ತು ಯಾವುದು ಉಳೀತು ಅಂತ ಬರ್ದಿಟ್ರೆ ತುಂಬ ಉಪಕಾರ ಆಗ್ತದೆ.

ಮೇಷ್ಟ್ರು ಒಂದು ಬಿಳಿ ಹಾಳೆಯಲ್ಲಿ ಬರ್ಕೊಂಡರು, ಕೊನೆಗೆ ಹನ್ನೊಂದು ಗಾಡಿ ಉಳಿಯಿತು. ಕಮ್ಮಿಯಿಂದ ಹೆಚ್ಚಿಗೆ ಸಾಲಾಗಿ ಇಟ್ರೆ ಹೀಗೆ: 3.90, 4.45, 4.70, 4.85, 4.95, 5.10, 5.20, 5.25, 5.40, 5.60, 5.95. ಇದ್ರ ಸರಾಸರಿ ತೆಗೀಬೇಡಿ, ಸರಿಯಾಗಿ ಮಧ್ಯದಲ್ಲಿರುವ ಗಾಡಿಯ ರೇಟು ನೋಡಿ. ಸರಾಸರಿ ತೆಗೆದ್ರೆ ಒಬ್ಬ ಮ್ಯೂಸಿಕ್ ಸಿಸ್ಟಮ್, ಅಲಾಯ್ ವೀಲ್ ಎಲ್ಲ ಹಾಕಿಸಿ ಆರು ಲಕ್ಷ ಕೇಳಿದ್ರೆ ಅದು ಎಲ್ಲರ ಲೆಕ್ಕವನ್ನೂ ಎಳೀತದೆ, ಒಂದು ಆಕ್ಸಿಡೆಂಟ್ ಗಾಡಿ ಇದ್ರೆ ಅದು ಕೆಳಗೆ ಎಳೀತದೆ. ಮಧ್ಯದ್ದಕ್ಕೆ ಅದೆಲ್ಲ ತಾಗೋದಿಲ್ಲ. ಇಲ್ಲಿ ಆರನೇದು, 5.10. ನಮ್ಮ ಕಡೆ ಕೇಳಿದ ರೇಟಿಗೂ ಹೋಗುವ ರೇಟಿಗೂ ಐದು ಪರ್ಸೆಂಟ್ ವ್ಯತ್ಯಾಸ ಇಟ್ಕೊಳ್ಳೋದು ನನ್ನ ರೂಢಿ, ಬ್ರೋಕರ್ ಮಧ್ಯ ಇದ್ರೆ ಸ್ವಲ್ಪ ಜಾಸ್ತಿ. ಅಂದ್ರೆ ಈ ತರದ ಗಾಡಿಯ ಮಧ್ಯಮ ಬೆಲೆ 4.85ರ ಹತ್ತಿರ. ಇದು ಇನ್ನೂ ಯಾವ ಒಂದು ಗಾಡಿಯ ಬೆಲೆಯೂ ಅಲ್ಲ, ಲೆಕ್ಕ ಶುರು ಮಾಡ್ಲಿಕ್ಕೆ ಒಂದು ಗುರುತು ಮಾತ್ರ.

ಇನ್ನು ವಯಸ್ಸು. ಜಾಹೀರಾತಲ್ಲಿ 2018 ಅಂತ ಇದ್ರೆ ಅದು ರಿಜಿಸ್ಟ್ರೇಶನ್ ವರ್ಷವಾ, ತಯಾರಾದ ವರ್ಷವಾ ಅಂತ ನೋಡ್ಬೇಕು, ಆರ್‌ಸಿಯಲ್ಲಿ ತಯಾರಾದ ತಿಂಗಳು ವರ್ಷ ಬೇರೆಯೇ ಬರ್ದಿರ್ತದೆ. ಡಿಸೆಂಬರಲ್ಲಿ ತಯಾರಾಗಿ ಮಾರ್ಚಲ್ಲಿ ರಿಜಿಸ್ಟರ್ ಆದ ಗಾಡಿಗಳು ಬೇಕಾದಷ್ಟು ಉಂಟು, ಮಾರುವವರು ದೊಡ್ಡ ವರ್ಷವನ್ನೇ ಹೇಳ್ತಾರೆ, ತಗೊಳ್ಳುವವರು ಸಣ್ಣದನ್ನೇ ಹಿಡೀಬೇಕು, ಮುಂದೆ ನೀವು ಮಾರುವಾಗ ಎದುರಿನವರು ಹಾಗೇ ಮಾಡ್ತಾರೆ.

ವಯಸ್ಸಿಗೆ ಬೆಲೆ ಹೇಗೆ ಇಳೀತದೆ ಅನ್ನೋದಕ್ಕೆ ಇನ್ಶೂರೆನ್ಸಿನವರ ಐಡಿವಿ ಲೆಕ್ಕ ಒಂದು ಒಳ್ಳೆ ಅಳತೆ, ಐಡಿವಿ ಅಂದ್ರೆ ಇನ್ಶೂರೆನ್ಸಿಗೆ ಗಾಡಿಗೆ ಕಟ್ಟುವ ಬೆಲೆ. ಹೊಸ ಗಾಡಿಯ ಬೆಲೆಯಿಂದ ಒಂದು ವರ್ಷ ದಾಟಿ ಎರಡರ ಒಳಗೆ 20 ಪರ್ಸೆಂಟ್ ಕಳೀತಾರೆ, ಮೂರರ ಒಳಗೆ 30, ನಾಲ್ಕರ ಒಳಗೆ 40, ಐದರ ಒಳಗೆ 50. ಐದು ವರ್ಷ ದಾಟಿದ ಮೇಲೆ ಈ ಪಟ್ಟಿ ಮುಗೀತದೆ, ಕಂಪೆನಿಯವರೂ ಓನರೂ ಒಪ್ಪಿದ ಮೊತ್ತ ಹಾಕ್ತಾರೆ. ಐಡಿವಿಯಲ್ಲಿ ರೋಡ್ ಟ್ಯಾಕ್ಸ್ ಸೇರೋದಿಲ್ಲ, ಮಾರುತಿಯಂಥ ಗಾಡಿಗಳಿಗೆ ಬೇಡಿಕೆಯೂ ಜಾಸ್ತಿ, ಹಾಗಾಗಿ ಮಾರ್ಕೆಟ್ ರೇಟು ಐಡಿವಿಗಿಂತ ಮೇಲೆ ಇರೋದು ಸಾಮಾನ್ಯ. ಆದ್ರೆ ತೀರ ಮೇಲೆ ಇದ್ರೆ ಅದಕ್ಕೆ ಕಾರಣ ಮಾರುವವರು ತೋರಿಸ್ಬೇಕು. ಈ ಸ್ವಿಫ್ಟಿನ ಪಾಲಿಸಿಯಲ್ಲಿ ಐಡಿವಿ 3.90 ಲಕ್ಷ ಇತ್ತು, ಕೇಳಿದ್ದು ಒಂದೂವರೆ ಲಕ್ಷ ಜಾಸ್ತಿ. ಆ ಒಂದೂವರೆ ಲಕ್ಷಕ್ಕೆ ಅವರು ಕೊಟ್ಟ ಕಾರಣ ಒಂದೇ, ಕಿಲೋಮೀಟರ್ ಕಮ್ಮಿ ಅಂತ. ಹಾಗಾದ್ರೆ ನಾವು ಪರೀಕ್ಷೆ ಮಾಡ್ಬೇಕಾದದ್ದೂ ಆ ಕಿಲೋಮೀಟರನ್ನೇ.

ಹದಿನೈದು ವರ್ಷದ ವಿಷಯವೂ ಇಲ್ಲೇ ಹೇಳಿಬಿಡ್ತೇನೆ. ಕೇರಳದಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗೆ ತಡೆ ಇಲ್ಲ, ಹದಿನೈದಾದಾಗ ಗಾಡಿ ತೋರಿಸಿ ಐದು ವರ್ಷಕ್ಕೆ ರಿನ್ಯೂ ಮಾಡ್ಬಹುದು. ಆದ್ರೆ ಆ ಹೊತ್ತಿಗೆ ರಿನ್ಯೂವಲ್ ಫೀಸು, ಟ್ಯಾಕ್ಸು, ಗ್ರೀನ್ ಟ್ಯಾಕ್ಸು, ಪಾಸ್ ಆಗ್ಲಿಕ್ಕೆ ಟಿಂಕರಿಂಗ್ ಪೈಂಟಿಂಗ್ ಎಲ್ಲ ಒಟ್ಟಿಗೆ ಬರ್ತದೆ. ಅದಕ್ಕೇ ಹನ್ನೆರಡು ದಾಟಿದ ಗಾಡಿಗಳ ರೇಟು ಜೋರಾಗಿ ಇಳೀತದೆ. ಏಳು ವರ್ಷದ ಗಾಡಿಗೆ ಆ ಚಿಂತೆ ಇಲ್ಲ, ಐದರಿಂದ ಒಂಬತ್ತರ ಮಧ್ಯೆ ಬೆಲೆ ನಿಧಾನವಾಗಿ ಇಳಿಯುವ ಕಾಲ, ಆ ಮಟ್ಟಿಗೆ ತಗೊಳ್ಳುವವರಿಗೆ ಒಳ್ಳೇದು.

ಈಗ ಓನರ್ ಸಂಖ್ಯೆ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದ್ರೆ ಎಷ್ಟನೇ ಓನರ್, ಲೋನ್ ಉಂಟಾ, ಇನ್ಶೂರೆನ್ಸ್ ಎಲ್ಲಿವರೆಗೆ ಅಂತ ಕಾಣ್ತದೆ. ಈ ಗಾಡಿ ಎರಡನೇ ಓನರಿನದ್ದು, 2023ರ ಫೆಬ್ರವರಿಯಲ್ಲಿ ಹೆಸರು ಬದ್ಲಾಗಿದೆ, ಗಲ್ಫಿನವರು ಮೊದಲ ಓನರ್. ಜಾಹೀರಾತಲ್ಲಿ ಗಲ್ಫಿನವರ ಗಾಡಿ ಅಂತ ಬರೆದದ್ದು ಸುಳ್ಳಲ್ಲ, ಮೊದಲ ನಾಲ್ಕೂವರೆ ವರ್ಷಕ್ಕೆ ಮಾತ್ರ ಸರಿ, ಆಮೇಲಿನ ಎರಡೂ ಮುಕ್ಕಾಲು ವರ್ಷದ ಬಗ್ಗೆ ಅದ್ರಲ್ಲಿ ಏನೂ ಇರ್ಲಿಲ್ಲ.

ನನ್ನ ಲೆಕ್ಕದಲ್ಲಿ ಮೊದಲ ಓನರಿಂದ ಎರಡನೇ ಓನರಿಗೆ ಮೂರು ಪರ್ಸೆಂಟ್ ಕಳೀತೇನೆ, ಮೂರನೇದಕ್ಕೆ ಇನ್ನೂ ಜಾಸ್ತಿ. ಆದ್ರೆ ಸಂಖ್ಯೆಗಿಂತಲೂ ಮುಖ್ಯ ಯಾವಾಗ ಬದ್ಲಾಯ್ತು, ಯಾಕೆ ಬದ್ಲಾಯ್ತು ಅನ್ನೋದು. ಅಪ್ಪನ ಹೆಸರಿಂದ ಮಗನ ಹೆಸರಿಗೆ ಹೋದ್ರೂ ದಾಖಲೆಯಲ್ಲಿ ಎರಡನೇ ಓನರೇ, ಗಾಡಿ ಅದೇ ಅಂಗಳದಲ್ಲಿ ನಿಂತಿರ್ತದೆ, ಅದಕ್ಕೆ ಕಳೀಬೇಕಾಗಿಲ್ಲ, ಆದ್ರೆ ನಾಳೆ ನೀವು ಮಾರುವಾಗ ಎದುರಿನವರು ಕಳೀತಾರೆ ಅಂತ ಸ್ವಲ್ಪ ಚೌಕಾಸಿ ಮಾಡ್ಬಹುದು. ಒಂದೇ ವರ್ಷದಲ್ಲಿ ಎರಡು ಕೈ ಬದ್ಲಾಗಿದ್ರೆ ಆ ಗಾಡಿಯಲ್ಲಿ ಏನೋ ತೊಂದ್ರೆ ಉಂಟು ಅಂತಲೇ ಹಿಡ್ಕೊಳ್ಳಿ.

ಮತ್ತೆ ಆರ್‌ಸಿಯಲ್ಲಿ ಕಾಣದ ಓನರುಗಳೂ ಇರ್ತಾರೆ. ಮಾರುವವರು ಹೆಸರು ಬದ್ಲಾಯಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ಸೈನ್ ಹಾಕಿ ಕೊಟ್ಟುಬಿಡ್ತಾರೆ, ತಗೊಂಡವರು ಅದನ್ನು ಆರ್‌ಟಿಓ ಆಫೀಸಿಗೆ ಕೊಡದೆ ಹಾಗೇ ಇಟ್ಕೊಂಡು ಒಂದು ವರ್ಷ ಓಡಿಸಿ ಇನ್ನೊಬ್ಬರಿಗೆ ದಾಟಿಸ್ತಾರೆ, ಆರ್‌ಸಿಯಲ್ಲಿ ಇನ್ನೂ ಸಿಂಗಲ್ ಓನರ್. ಇದನ್ನು ಹಿಡೀಲಿಕ್ಕೆ ಮೂರು ಹೆಸರು ಪಕ್ಕಪಕ್ಕ ಇಟ್ಟು ನೋಡ್ಬೇಕು, ಆರ್‌ಸಿಯ ಹೆಸರು, ಪಾಲಿಸಿಯ ಹೆಸರು, ಸರ್ವಿಸ್ ಬಿಲ್ಲಿನ ಹೆಸರು. ಬಿಲ್ಲಿನಲ್ಲಿ ಬೇರೆ ಹೆಸರು, ಬೇರೆ ಊರು ಬಂದ್ರೆ ಅವರು ಯಾರು ಅಂತ ಕೇಳಿ, ಕೆಲವೊಮ್ಮೆ ಡ್ರೈವರಿನ ಹೆಸರಿರ್ತದೆ, ಅಣ್ಣನ ಹೆಸರಿರ್ತದೆ, ಸರಿಯಾದ ಉತ್ತರ ಬಂದ್ರೆ ಆಯ್ತು. ಈ ಗಾಡಿಯಲ್ಲಿ ಮೂರೂ ಹೆಸರು ಸರಿ ಇತ್ತು.

ನಿಜವಾದ ಕೆಲಸ ಇರೋದು ಸರ್ವಿಸ್ ದಾಖಲೆಯಲ್ಲಿ. ಕಂಪೆನಿ ಸರ್ವಿಸ್ ಸೆಂಟರಲ್ಲಿ ಗಾಡಿ ಬಿಟ್ಟಾಗೆಲ್ಲ ತಾರೀಕು, ಕಿಲೋಮೀಟರ್, ಮಾಡಿದ ಕೆಲಸ ಕಂಪ್ಯೂಟರಲ್ಲಿ ದಾಖಲಾಗ್ತದೆ. ಓನರ್ ಜತೆಗೆ ಇದ್ರೆ ಅಥವಾ ಅವರೇ ಕೇಳಿ ಕೊಟ್ರೆ ಪೂರ್ತಿ ಹಿಸ್ಟರಿ ಸಿಗ್ತದೆ. ಮಾರುತಿಯಲ್ಲಿ ಮೊದಲ ಮೂರು ಫ್ರೀ ಸರ್ವಿಸ್ ಸಾವಿರ, ಐದು ಸಾವಿರ, ಹತ್ತು ಸಾವಿರ ಕಿಮೀಗೆ, ಆಮೇಲೆ ಹತ್ತು ಸಾವಿರಕ್ಕೊಮ್ಮೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲು ಬರ್ತದೋ ಅದು. ಹಿಸ್ಟರಿ ಕೈಗೆ ಬಂದ ಕೂಡಲೇ ಆಯಿಲ್ ಬದ್ಲಾಯಿಸಿದ್ದಾರಾ ಅಂತ ನೋಡುವ ಮೊದಲು ತಾರೀಕು ಮತ್ತು ಕಿಲೋಮೀಟರ್ ಎರಡನ್ನೇ ಒಂದು ಸಾಲಲ್ಲಿ ಬರ್ಕೊಳ್ಳಿ, ವರ್ಷಕ್ಕೆ ಎಷ್ಟು ಓಡಿದೆ ಅಂತ ಕಾಣ್ತದೆ, ಎಲ್ಲಿ ಸಾಲು ಕಡಿದುಹೋಗಿದೆ ಅಂತಲೂ ಕಾಣ್ತದೆ.

ಈ ಸ್ವಿಫ್ಟಿನ ಸಾಲು 2021ರ ಜನವರಿಯಲ್ಲಿ 31,000, 2022ರ ಜನವರಿಯಲ್ಲಿ 38,500, ಅಷ್ಟೆ, ಆಮೇಲೆ ಖಾಲಿ. ಈಗ ಮೀಟರಲ್ಲಿ 41,000. ಅಂದ್ರೆ ಸುಮಾರು ನಾಲ್ಕು ವರ್ಷದಲ್ಲಿ ಬರೀ ಎರಡೂವರೆ ಸಾವಿರ ಕಿಮೀ. ಇದಕ್ಕೆ ಮೂರು ಅರ್ಥ ಇರ್ಬಹುದು. ಗಾಡಿ ನಿಜವಾಗಿಯೂ ನಿಂತಿತ್ತು, ಅಥವಾ ಓಡಿದೆ ಆದ್ರೆ ಹೊರಗಿನ ಗ್ಯಾರೇಜಲ್ಲಿ ಸರ್ವಿಸ್ ಆಗಿದೆ ಮತ್ತು ಮೀಟರ್ ತಿರುಗಿಸಿದ್ದಾರೆ, ಅಥವಾ ಓಡಿಯೂ ಇದೆ ಸರ್ವಿಸೂ ಆಗ್ಲಿಲ್ಲ. ಮೂರರಲ್ಲಿ ಯಾವುದು ಅಂತ ಗಾಡಿಯೇ ಹೇಳ್ಬೇಕು.

ನಿಂತ ಗಾಡಿ ಅಂದ ಕೂಡಲೇ ಒಳ್ಳೇದು ಅಂತ ನಮ್ಮಲ್ಲಿ ಒಂದು ನಂಬಿಕೆ ಉಂಟು, ಕುಂಬಳೆಯಿಂದ ಕಾಞಂಗಾಡಿನವರೆಗೆ ಗಲ್ಫಿನವರ ಗಾಡಿ ಅಂದ್ರೆ ರೇಟು ಜಾಸ್ತಿ. ನನಗೆ ಅದು ಅಷ್ಟು ಸರಿ ಕಾಣೋದಿಲ್ಲ. ನಮ್ಮ ಮಳೆಗೆ, ಸಮುದ್ರದ ಉಪ್ಪುಗಾಳಿಗೆ ಹತ್ತು ತಿಂಗಳು ಶೆಡ್ಡಲ್ಲಿ ನಿಂತ ಗಾಡಿಯ ಬ್ರೇಕ್ ಡಿಸ್ಕ್ ತುಕ್ಕು ಹಿಡೀತದೆ, ಬ್ಯಾಟರಿ ಸಾಯ್ತದೆ, ಟೈರು ಒಂದೇ ಕಡೆ ಭಾರ ಬಿದ್ದು ಚಪ್ಪಟೆ ಆಗ್ತದೆ, ರಬ್ಬರ್ ಹೋಸು ಬುಷ್ಷು ಎಲ್ಲ ಗಟ್ಟಿಯಾಗಿ ಬಿರೀತದೆ, ಇಲಿ ಬೋನೆಟ್ ಒಳಗೆ ಹೋಗಿ ವಯರ್ ಕಡೀತದೆ. ಆಯಿಲಿಗೂ ಕೂಲೆಂಟಿಗೂ ಬ್ರೇಕ್ ಆಯಿಲಿಗೂ ವರ್ಷದ ಲೆಕ್ಕವೂ ಉಂಟು, ಬರೀ ಕಿಲೋಮೀಟರಿನ ಲೆಕ್ಕ ಅಲ್ಲ. ಹಾಗಾಗಿ ಕಮ್ಮಿ ಓಡಿದ ಗಾಡಿಗೆ ಹೆಚ್ಚು ಕೊಡ್ಬೇಕಾದ್ರೆ ವರ್ಷಕ್ಕೊಮ್ಮೆಯ ಸರ್ವಿಸ್ ಬಿಲ್ ಇರ್ಲೇಬೇಕು, ಇಲ್ಲದಿದ್ರೆ ಆ ಹೆಚ್ಚುವರಿ ನಾನು ಕೊಡೋದಿಲ್ಲ.

ಗಾಡಿ ನೋಡ್ಲಿಕ್ಕೆ ಹೋದಾಗ ಮೊದಲು ಬಗ್ಗಿ ನೋಡಿದ್ದು ಟೈರು. ಟೈರಿನ ಬದಿಯಲ್ಲಿ ನಾಲ್ಕು ಅಂಕೆಯ ಒಂದು ನಂಬರ್ ಇರ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇದ್ರಲ್ಲಿ ನಾಲ್ಕೂ ಟೈರಲ್ಲಿ 1123, ಅಂದ್ರೆ 2023ರ ಹನ್ನೊಂದನೇ ವಾರದಲ್ಲಿ ತಯಾರಾದದ್ದು, ಮಾರ್ಚ್ ತಿಂಗಳು. ಎರಡನೇ ಓನರ್ ಗಾಡಿ ತಗೊಂಡು ಹೊಸ ಟೈರ್ ಹಾಕಿಸಿದ್ದಾರೆ, ಐದು ವರ್ಷದ ಹಳೆ ಟೈರ್ ಬದ್ಲಾಯಿಸೋದು ಸರಿಯೇ. ಆದ್ರೆ ಆ ಟೈರಿನ ಹಲ್ಲುಗಳ ಮಧ್ಯದ ಗುಂಡಿಯ ಆಳ ಅಳೆದ್ರೆ 4 ಮಿಲಿಮೀಟರ್ ಇತ್ತು. ಹೊಸ ಟೈರಲ್ಲಿ ಸುಮಾರು 8 ಇರ್ತದೆ, 1.6ಕ್ಕೆ ಬಂದ್ರೆ ಬದ್ಲಾಯಿಸ್ಬೇಕು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಸವೆದಿದೆ. ಮೀಟರ್ ಸತ್ಯ ಆದ್ರೆ ಈ ಟೈರು ಹೆಚ್ಚು ಅಂದ್ರೂ ಎರಡು ಸಾವಿರ ಓಡಿರ್ಬೇಕು, ಎರಡು ಸಾವಿರ ಕಿಮೀಗೆ 4 ಮಿಲಿಮೀಟರ್ ಸವೆಯೋದು ಆಗದ ಮಾತು. ಒಳ್ಳೆ ಟೈರು ನಲ್ವತ್ತು ಐವತ್ತು ಸಾವಿರ ಬರ್ತದೆ, ಆ ಲೆಕ್ಕದಲ್ಲಿ ಇವು ಇಪ್ಪತ್ತು ಸಾವಿರದ ಮೇಲೆ ಓಡಿವೆ. ಕ್ಲಚ್ ಪೆಡಲಿನ ರಬ್ಬರೂ ಒಂದು ಕಡೆ ನುಣುಪಾಗಿತ್ತು, ಸ್ಟೀರಿಂಗ್ ಮೇಲಿನ ಹಿಡಿ ಜಾಗ ಹೊಳೀತಾ ಇತ್ತು, ಆದ್ರೆ ಅವನ್ನು ನೋಡಿ ಅಂದಾಜು ಮಾಡ್ಬಹುದು ಅಷ್ಟೆ, ಟೈರಿನಷ್ಟು ಖಚಿತ ಅಲ್ಲ.

ಟೈರು ಬೇರೆ ಗಾಡಿಯಿಂದ ತಂದು ಹಾಕಿದ್ದೂ ಇರ್ಬಹುದಲ್ವಾ ಅಂತ ಮೇಷ್ಟ್ರು ಕೇಳಿದರು, ಸರಿಯಾದ ಪ್ರಶ್ನೆ. ಅದಕ್ಕೆ ಇನ್ನೊಂದು ಸಾಕ್ಷಿ ಬೇಕು, ಅದು ಇನ್ಶೂರೆನ್ಸ್ ಪಾಲಿಸಿಯಲ್ಲಿ ಸಿಗ್ತದೆ. ಪಾಲಿಸಿಯಲ್ಲಿ ಎನ್‌ಸಿಬಿ ಅಂತ ಪ್ರೀಮಿಯಮಿನಲ್ಲಿ ಬಿಟ್ಟುಕೊಡುವ ಒಂದು ಪರ್ಸೆಂಟ್ ಇರ್ತದೆ, ಕ್ಲೈಮ್ ಮಾಡದೆ ಒಂದು ವರ್ಷ ಹೋದ್ರೆ 20, ಎರಡಾದ್ರೆ 25, ಆಮೇಲೆ 35, 45, ಐದು ವರ್ಷಕ್ಕೆ 50. ಒಂದು ಕ್ಲೈಮ್ ಮಾಡಿದ್ರೆ ಮುಂದಿನ ರಿನ್ಯೂವಲಿಗೆ ಸೊನ್ನೆ. ಇದು ಓನರಿನ ಜತೆ ಹೋಗ್ತದೆ, ಗಾಡಿಯ ಜತೆ ಅಲ್ಲ, ಹಾಗಾಗಿ 2023ರಲ್ಲಿ ತಗೊಂಡವರಿಗೆ ಸೊನ್ನೆಯಿಂದ ಶುರು ಆಗಿದ್ರೂ 2025ರ ಸೆಪ್ಟೆಂಬರಿನ ಪಾಲಿಸಿಯಲ್ಲಿ ಏನಾದ್ರೂ ಇರ್ಬೇಕಿತ್ತು. ಇದ್ದದ್ದು ಸೊನ್ನೆ. ಅಂದ್ರೆ ಹಿಂದಿನ ವರ್ಷ ಒಂದು ಕ್ಲೈಮ್ ಆಗಿದೆ. ಮಾರುವವರು ಆಕ್ಸಿಡೆಂಟ್ ಇಲ್ಲ ಅಂತ ಹೇಳಿದ್ರು, ಜಗಳ ಮಾಡದೆ "ಒಂದು ಕ್ಲೈಮ್ ಆದ ಹಾಗೆ ಕಾಣ್ತದೆ ಅಲ್ವಾ, ಯಾವ ಕೆಲಸಕ್ಕೆ, ಬಿಲ್ ಉಂಟಾ" ಅಂತ ಕೇಳಿದ್ದಕ್ಕೆ ಅವರು ಸಲೀಸಾಗಿ "ಹೋ ಅದು ಬಂಪರ್ ಮತ್ತೆ ಡೋರ್ ಮಾತ್ರ" ಅಂತ ಬಿಲ್ಲಿನ ಫೋಟೋ ವಾಟ್ಸಾಪಲ್ಲಿ ಕಳಿಸಿದ್ರು. ಕೆಲಸ ಸಣ್ಣದೇ, ಹೊರಗಿನ ವರ್ಕ್‌ಶಾಪಿನದ್ದು, 2025ರ ಜನವರಿ. ಬಿಲ್ಲಿನ ಮೇಲಿನ ಮೂಲೆಯಲ್ಲಿ ಕಿಲೋಮೀಟರ್ ಬರೆದಿತ್ತು, 58,200.

ಅಲ್ಲಿಗೆ ಮುಗೀತು. ಹತ್ತು ತಿಂಗಳ ಹಿಂದೆ 58,200 ಇದ್ದ ಗಾಡಿ ಈಗ 41,000 ಆಗ್ಲಿಕ್ಕಿಲ್ಲ. ತಿರುಗಿಸಿದ್ದು ಯಾರು ಅಂತ ನಾವು ವಿಚಾರಿಸ್ಲಿಕ್ಕೆ ಹೋಗ್ಲಿಲ್ಲ, ಮಧ್ಯ ಬ್ರೋಕರೂ ಇದ್ರು. ಬೆಲೆಗೆ ಬೇಕಾದದ್ದು ನಿಜವಾದ ಕಿಲೋಮೀಟರ್. 2023ರ ಮಾರ್ಚಲ್ಲಿ ಹೆಚ್ಚುಕಮ್ಮಿ 40 ಸಾವಿರ ಅಂತ ಹಿಡಿದ್ರೆ 22 ತಿಂಗಳಲ್ಲಿ 18 ಸಾವಿರ ಓಡಿದೆ, ತಿಂಗಳಿಗೆ ಎಂಟುನೂರು ಚಿಲ್ಲರೆ, ಅದೇ ಲೆಕ್ಕದಲ್ಲಿ ನವೆಂಬರಿಗೆ ಸುಮಾರು 66 ಸಾವಿರ.

ಈಗ ಮೇಷ್ಟ್ರ ಹಾಳೆಗೆ ವಾಪಸ್ ಬಂದು 60ರಿಂದ 75 ಸಾವಿರ ಓಡಿದ ಗಾಡಿಗಳನ್ನು ಮಾತ್ರ ನೋಡಿದೆವು, ಅವು 4.45, 4.70, 4.85, 4.95. ಮಧ್ಯ 4.75ರ ಸುಮಾರು, ಚೌಕಾಸಿಯ ಐದು ಪರ್ಸೆಂಟ್ ತೆಗೆದ್ರೆ 4.50. ಅವುಗಳಲ್ಲಿ ಮೂರು ಸಿಂಗಲ್ ಓನರ್, ಇದು ಎರಡನೇದು, ಮೂರು ಪರ್ಸೆಂಟಿಗೆ ಹದಿಮೂರೂವರೆ ಸಾವಿರ, ಹದಿನೈದು ಅಂತಲೇ ಹಿಡಿದು ಕಳೆದ್ರೆ 4.35. ಮತ್ತೆ ತಗೊಂಡ ಕೂಡಲೇ ಮಾಡಿಸ್ಬೇಕಾದ ಕೆಲಸ, ಸಸ್ಪೆನ್ಶನ್ ಬುಷ್, ಬ್ರೇಕ್ ಪ್ಯಾಡ್, ಬ್ಯಾಟರಿ, ಬಾಕಿ ಬಿದ್ದ ಪೂರ್ತಿ ಸರ್ವಿಸ್, ಮುಳ್ಳೇರಿಯಾದ ನಮ್ಮ ಮೆಕ್ಯಾನಿಕ್ ಹೇಳಿದ್ದು 22 ಸಾವಿರ. ವಾರ್ಷಿಕ ಇನ್ಶೂರೆನ್ಸನ್ನು ಇದ್ರಲ್ಲಿ ಸೇರಿಸ್ಬಾರ್ದು, ಅದು ಯಾವ ಗಾಡಿ ತಗೊಂಡ್ರೂ ಕಟ್ಬೇಕಾದದ್ದು. ಕಳೆದು ಬಂದದ್ದು 4.13. ಕೇಳಿದ್ದು 5.40. ಮೇಷ್ಟ್ರು 4.10 ಹೇಳಿ ನೋಡ್ಲಾ ಅಂದ್ರು, ನಾನು ಬೇಡ ಅಂದೆ, ಯಾಕಂದ್ರೆ ಮುಂದೆ ಮಾರುವಾಗ ಅದೇ ಸುಳ್ಳು ಮೀಟರನ್ನು ಇವರೇ ಇನ್ನೊಬ್ಬರಿಗೆ ತೋರಿಸ್ಬೇಕಾಗ್ತದೆ, ಅಥವಾ ಸತ್ಯ ಹೇಳಿ ನಷ್ಟ ಮಾಡ್ಕೊಳ್ಬೇಕಾಗ್ತದೆ.

ಇನ್ನು ಆ ಬೇರೆ ಚೀಟಿ, ಕೆಎ ನಂಬರಿನ ಗಾಡಿಗಳದ್ದು. ತಲಪಾಡಿ ದಾಟಿದ್ರೆ ಮಂಗಳೂರು, ಅದೇ ಸ್ವಿಫ್ಟ್ ಮೂವತ್ತು ನಲ್ವತ್ತು ಸಾವಿರ ಕಮ್ಮಿಗೆ ಕಂಡ್ರೆ ಯಾರಿಗೂ ಆಸೆ ಆಗ್ತದೆ. ಆದ್ರೆ ಕಾಸರಗೋಡಿನಲ್ಲಿ ಮನೆ ಇದ್ದು ಗಾಡಿ ಇಲ್ಲೇ ಇರ್ತದೆ ಅಂದ್ರೆ ಅದನ್ನು ಕೇರಳಕ್ಕೆ ಮಾಡಿಸ್ಬೇಕು. ಹನ್ನೆರಡು ತಿಂಗಳ ಮೇಲೆ ಬೇರೆ ರಾಜ್ಯದಲ್ಲಿ ಇಟ್ರೆ ಹೊಸ ನಂಬರ್ ತಗೊಳ್ಬೇಕು ಅನ್ನೋದು ಕೇಂದ್ರದ ಕಾನೂನು, ಟ್ಯಾಕ್ಸಿನ ವಿಷಯದಲ್ಲಿ ರಾಜ್ಯದ ನಿಯಮ ಬೇರೆಯೇ. ಅದಕ್ಕೆ ಮೊದಲು ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರಲ್ಲಿ ಎನ್‌ಓಸಿ, ಆಮೇಲೆ ಇಲ್ಲಿ ಫಾರ್ಮ್ 27 ಹಾಕಿ ಹೊಸ ನಂಬರ್, ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಕೇರಳದ ಟ್ಯಾಕ್ಸು. ಕರ್ನಾಟಕಕ್ಕೆ ಕಟ್ಟಿದ ಲೈಫ್ ಟ್ಯಾಕ್ಸಿನಲ್ಲಿ ಉಳಿದ ಪಾಲು ವಾಪಸ್ ಕೇಳ್ಬಹುದು, ಆದ್ರೆ ಅದು ಅರ್ಜಿ ಹಾಕಿ ಕಾಯುವ ದುಡ್ಡು, ಚೌಕಾಸಿ ಮಾಡುವ ದಿನ ಕೈಯಲ್ಲಿರೋದಿಲ್ಲ. ಈ ಖರ್ಚೆಲ್ಲ ಸೇರಿಸಿದ್ರೆ ಸಾಧಾರಣ ಗಾಡಿಯಲ್ಲಿ ಆ ಮೂವತ್ತು ನಲ್ವತ್ತು ಸಾವಿರ ಉಳಿಯೋದಿಲ್ಲ. ನೋಡ್ಲೇಬೇಕು ಅಂತ ಇದ್ರೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿಯ ಕಾಪಿ ಹಿಡ್ಕೊಂಡು ಇಲ್ಲಿನ ಆರ್‌ಟಿಓ ಆಫೀಸಲ್ಲಿ ಟ್ಯಾಕ್ಸ್ ಎಷ್ಟಾಗ್ತದೆ ಅಂತ ಕೇಳಿ, ಆ ಮೊತ್ತವನ್ನು ಕೇಳಿದ ರೇಟಿನ ಮೇಲೆ ಸೇರಿಸಿ ಹೋಲಿಸಿ. ದೂರದ ರಾಜ್ಯದಿಂದ ಬಂದ ಅಗ್ಗದ ಗಾಡಿಗಳಿಗೂ ಇದೇ ಲೆಕ್ಕ.

2018ರ ಪ್ರವಾಹದ ನೆನಪು ಇರುವವರು ನೀರಿಗೆ ಬಿದ್ದ ಗಾಡಿಯ ಬಗ್ಗೆ ಕೇಳ್ತಾರೆ. ದಕ್ಷಿಣದ ಜಿಲ್ಲೆಗಳಿಂದ ಬಂದ ಆ ಕಾಲದ ಗಾಡಿ ಆದ್ರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಉಂಟಾ ನೋಡಿ, ಸೀಟಿನ ಕೆಳಗಿನ ಹಳಿಯ ತುಕ್ಕು ನೋಡಿ. ಸಿಕ್ಕಿದ್ರೆ ಬೆಲೆಯ ಮಾತೇ ಬೇಡ.

ಮೇಷ್ಟ್ರು ಕೊನೆಗೆ ತಗೊಂಡದ್ದು ಅದೇ ಹಾಳೆಯಲ್ಲಿದ್ದ 4.95ರ ಗಾಡಿ, ಉಪ್ಪಳದ್ದು. ಮೊದಲು ಅದನ್ನು ನೋಡ್ಲಿಕ್ಕೇ ಅವರಿಗೆ ಮನಸ್ಸಿರ್ಲಿಲ್ಲ, ಮೀಟರಲ್ಲಿ 72 ಸಾವಿರ ಅಂತ. ಸಿಂಗಲ್ ಓನರ್, ಒಬ್ಬರು ಬ್ಯಾಂಕ್ ನೌಕರರು, ವರ್ಷಕ್ಕೊಂದು ಬಿಲ್ ಫೈಲ್ ಮಾಡಿ ಇಟ್ಟಿದ್ರು, ಕಿಲೋಮೀಟರಿನ ಸಾಲು ಎಲ್ಲೂ ಕಡೀಲಿಲ್ಲ, ವರ್ಷಕ್ಕೆ ಹತ್ತು ಸಾವಿರದ ಹಾಗೆ ಮೇಲೆ ಹೋಗ್ತಾ ಉಂಟು. ಎನ್‌ಸಿಬಿ 50 ಪರ್ಸೆಂಟ್. ಟೈರು 43 ಸಾವಿರಕ್ಕೆ ಬದ್ಲಾಯಿಸಿದ ಬಿಲ್ ಉಂಟು, ಟೈರಿನ ಮೇಲಿನ ನಂಬರ್ ಆ ಬಿಲ್ಲಿನ ತಾರೀಕಿಗೆ ಸರಿಹೋಗ್ತದೆ, ಆದ್ರೆ ಗುಂಡಿ ಎರಡೂವರೆ ಮಿಲಿಮೀಟರಿಗೆ ಬಂದಿದೆ, ಮಳೆಗಾಲದ ಮೊದಲು ನಾಲ್ಕೂ ಹೊಸದು ಬೇಕು, 18 ಸಾವಿರ. ಲೆಕ್ಕ ಹೀಗಾಯ್ತು: 4.95ರಲ್ಲಿ ಐದು ಪರ್ಸೆಂಟ್ ಹೋದ್ರೆ 4.70, ಟೈರಿನದ್ದು ಹೋದ್ರೆ 4.52, ಪೂರ್ತಿ ದಾಖಲೆ ಇರುವ ಸಿಂಗಲ್ ಓನರ್ ಅಂತ ಹತ್ತು ಸಾವಿರ ಸೇರಿಸಿದ್ರೆ 4.62. ಟೈರಿನ ನಂಬರ್, ಗುಂಡಿ ತೋರಿಸಿಯೇ ಮಾತಾಡಿದ್ದರಿಂದ ಅವರಿಗೂ ಬೇಸರ ಆಗ್ಲಿಲ್ಲ, 4.65ಕ್ಕೆ ಒಪ್ಪಿದ್ರು. 66 ಸಾವಿರ ಓಡಿದ ಮೊದಲ ಗಾಡಿ 4.13ಕ್ಕೆ ನಿಂತಾಗ ಅದಕ್ಕಿಂತ ಹೆಚ್ಚು ಓಡಿದ ಇದು 52 ಸಾವಿರ ಜಾಸ್ತಿ ಬೆಲೆ ಬಾಳಿತು, ಆ ವ್ಯತ್ಯಾಸದಲ್ಲಿ ಆ ಒಂದು ಫೈಲಿನ ಪಾಲೂ ಉಂಟು.

ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು, ಬಾಕಿಯನ್ನು ಆರ್‌ಸಿ ವರ್ಗಾವಣೆಯ ಅರ್ಜಿ ಹಾಕುವ ದಿನವೇ ಬ್ಯಾಂಕ್ ಮೂಲಕ ಹಾಕಿದ್ರು, ಮೀಟರಿನ ಆ ದಿನದ ಕಿಲೋಮೀಟರನ್ನು ಮಾರಾಟದ ಕರಾರಿನಲ್ಲಿ ಬರೆಸಿದ್ರು. ಪಾಲಿಸಿಯನ್ನು 14 ದಿನದ ಒಳಗೆ ತಮ್ಮ ಹೆಸರಿಗೆ ಮಾಡಿಸಿದ್ರು, ಅದಕ್ಕೆ ಸ್ವಲ್ಪ ಕಟ್ಬೇಕಾಯ್ತು, ಯಾಕಂದ್ರೆ ಆ 50 ಪರ್ಸೆಂಟ್ ಎನ್‌ಸಿಬಿ ಉಪ್ಪಳದವರ ಜತೆಗೇ ಹೋಯ್ತು.